ಕೀಬೋರ್ಡಿನ ಕೆಳಗಿನ ಚೀಟಿ

ಇಳಕಲ್ಲಿನ ನಮ್ಮ ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ, ಕೀಬೋರ್ಡಿನ ಕೆಳಗೆ ಅಂಟಿಸಿದ್ದ ಪಾಸ್‌ವರ್ಡ್ ಚೀಟಿಯನ್ನು ಕಿತ್ತವನು ನಾನೇ. ಬಾಗಲಕೋಟೆಯ ದೊಡ್ಡ ಆಸ್ಪತ್ರೆಯಲ್ಲಿ ಕೂತು ಬಾದಾಮಿ, ಹುನಗುಂದ, ಇಳಕಲ್ ಶಾಖೆಗಳ ಕಂಪ್ಯೂಟರುಗಳನ್ನೂ ನೋಡಿಕೊಳ್ಳುವುದು ನನ್ನ ಕೆಲಸ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ರೋಗಿಗಳ ದಾಖಲೆ ತೆರೆಯುವ ಪಾಸ್‌ವರ್ಡನ್ನು ಹೀಗೆ ಇಡುತ್ತಾರೆಯೇ ಎಂದು ಅಲ್ಲೇ ಅದನ್ನು ಬದಲಾಯಿಸಲು ಹೇಳಿ, ವರದಿಯನ್ನೂ ಕಳಿಸಿದೆ. ಎರಡೇ ದಿನಕ್ಕೆ ಮುಖ್ಯಸ್ಥರ ಆದೇಶ ಬಂತು: ತಿಂಗಳ ಕೊನೆಗೆ ಕೌಂಟರಿನ ಅಕ್ಕನವರು ಹಳೆ ಫೈಲುಗಳ ಕೋಣೆಗೆ ಹೋಗಬೇಕು.

ಅಕ್ಕನವರು ಆ ಕುರ್ಚಿಯಲ್ಲಿ ಇಪ್ಪತ್ತು ವರ್ಷ ಕೂತವರು. ಗುಡೂರಿನ ಮುದುಕಿಯ ಮುಖ ನೋಡಿಯೇ ಹಳೆ ಕಾರ್ಡು ಹುಡುಕಿ ಕೊಡುವವರು. ಗ್ರಾನೈಟ್ ಪಾಲಿಶ್ ಮಾಡುವವನು ಕೆಮ್ಮುತ್ತ ಬಂದರೆ ಮೊದಲು ಕೂರಿಸಿ, ನೀರು ಕೊಟ್ಟು, ಆಮೇಲೆ ಹೆಸರು ಕೇಳುವವರು. ಆದೇಶವನ್ನು ನಾನೇ ಇಳಕಲ್ಲಿಗೆ ಒಯ್ದು ಕೊಟ್ಟೆ. ಅದನ್ನು ಓದಿ ಅವರು ಜಗಳವಾಡಲಿಲ್ಲ.

"ಫೈಲ್ ಖೋಲಿಗೆ ಮಂದಿ ಬರಂಗಿಲ್ಲಲ್ರಿ ಸರ," ಎಂದರು ಅಷ್ಟೇ.

ವಾಪಸು ಬಸ್ಸಿನಲ್ಲಿ ಆ ಚೀಟಿಯನ್ನು ಜೇಬಿನಿಂದ ತೆಗೆದು ನೋಡಿದೆ. ಊರಿನ ಹೆಸರು, @ ಚಿಹ್ನೆ, ಒಂದು ಅಂಕಿ. ಅದಕ್ಕೆ ಗೀಟು. ಕೆಳಗೆ ಮತ್ತೆ ಊರಿನ ಹೆಸರು, ಮತ್ತೆ @, ಮುಂದಿನ ಅಂಕಿ. ಹೀಗೆ ಹನ್ನೊಂದರವರೆಗೆ. ದೊಡ್ಡಕ್ಷರ, ಅಂಕಿ, ಚಿಹ್ನೆ ಇರಲೇಬೇಕು, ಮೂರು ತಿಂಗಳಿಗೊಮ್ಮೆ ಬದಲಾಗಲೇಬೇಕು ಎಂದು ನಿಯಮ ಮಾಡಿದ್ದವನು ನಾನು. ಪಾಪ, ಅವರು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಇನ್ನು ನನ್ನ ಪಾಸ್‌ವರ್ಡೋ? ಬಾಗಲಕೋಟೆ, @, ಒಂಬತ್ತು. ನನಗೆ ನನ್ನ ಮೇಲೇ ನಾಚಿಕೆಯಾಯಿತು. ಹೊರಗಿನ ಕಳ್ಳನಿಗೆ ಇದನ್ನು ಊಹಿಸಲು ಎಷ್ಟು ಹೊತ್ತು ಬೇಕು?

ಮರುದಿನ ಮುಖ್ಯಸ್ಥರ ಎದುರು ತಪ್ಪೊಪ್ಪಿಕೊಂಡು, ಅಕ್ಕನವರನ್ನು ಅಲ್ಲೇ ಬಿಟ್ಟು ನಿಯಮವನ್ನೇ ಬದಲಾಯಿಸೋಣ ಎಂದೆ. ಚಿಹ್ನೆ, ಅಂಕಿಗಳ ಕಡ್ಡಾಯ ಬೇಡ. ಕನಿಷ್ಠ ಹದಿನೈದು ಅಕ್ಷರ ಇರಲಿ, ನಡುವೆ ಜಾಗ ಬಿಟ್ಟು ನಾಲ್ಕೈದು ಪದ ಬರೆದರೂ ನಡೆಯಲಿ. ಜತೆಗೊಂದು ನಿಷೇಧಿತ ಪಟ್ಟಿ ಇರಲಿ: ಎಲ್ಲೆಡೆ ಸೋರಿಕೆಯಾದ ಪಾಸ್‌ವರ್ಡುಗಳು, ನಮ್ಮ ಊರುಗಳ, ಆಸ್ಪತ್ರೆಯ, ದೇವರುಗಳ ಹೆಸರುಗಳು. a ಬದಲು @ ಹಾಕಿ, ಬಾಲಕ್ಕೆ ಅಂಕಿ ಅಂಟಿಸಿದರೂ ಅದು ಹಿಡಿಯುತ್ತದೆ. ಸೋರಿಕೆಯ ಸುಳಿವು ಸಿಕ್ಕಾಗ ಮಾತ್ರ ಬದಲಾಯಿಸೋಣ.

"ಆತು, ಮಾಡ್ರಿ. ಆದ್ರ ತಿಂಗಳದೊಳಗ ಆಕಿ ಖಾತೆ ಒಮ್ಮೆ ಲಾಕ್ ಆದ್ರೂ, ಒಂದು ಚೀಟಿ ಸಿಕ್ರೂ, ಆದೇಶ ಆದೇಶನ," ಎಂದರು ಮುಖ್ಯಸ್ಥರು.

ನಾಲ್ಕೂ ಊರಿನ ಸಿಬ್ಬಂದಿಯನ್ನು ಇಳಕಲ್ಲಿನಲ್ಲೇ ಸೇರಿಸಿದೆ. ಉದ್ದ ವಾಕ್ಯ ಹೇಗಿರಬೇಕು ಎಂದು ವಿವರಿಸಿ, ಒಂದೊಂದು ಮಾದರಿ ಬರೆದು ಕೊಡಿ ಎಂದೆ. ಹಾಳೆಗಳು ಬಂದವು. ಹುನಗುಂದದವರದ್ದು ಒಂದು ವಚನದ ಮೊದಲ ಸಾಲು. ಬಾದಾಮಿಯವರದ್ದೂ ಅದೇ ಸಾಲು. ಎಕ್ಸ್‌ರೇ ವಿಭಾಗದ ಸಾಹೇಬರದ್ದೂ ಅದೇ!

"ಸಾಲ್ಯಾಗ ದಿನಾ ಅನ್ನಸ್ತಿದ್ರಲ್ರಿ, ನಂಗೂ ಬಾಯಿಪಾಠ ಐತಿ," ಎಂದು ಅವರು ಮೀಸೆಯಡಿಯಲ್ಲೇ ನಕ್ಕರು.

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಊರಿಗೆಲ್ಲ ಬಾಯಿಪಾಠವಾದದ್ದು ಎಷ್ಟು ಉದ್ದವಿದ್ದರೇನು? ಆ ಸಾಲನ್ನೂ ಅಲ್ಲೇ ಪಟ್ಟಿಗೆ ಸೇರಿಸಿದೆ. ನೀವೇ ಜೋಡಿಸಿದ, ಒಂದಕ್ಕೊಂದು ಸಂಬಂಧವಿಲ್ಲದ ಪದಗಳಿರಲಿ ಎಂದು ಮತ್ತೆ ಹೇಳಿದೆ.

ಒಂದು ಹಾಳೆ ಮಾತ್ರ ಖಾಲಿ ಇತ್ತು. ಅಕ್ಕನವರದ್ದು. ಹತ್ತಿರ ಹೋಗಿ, "ಯಾಕ್ರಿ ಅಕ್ಕಾರ, ತಿಳೀಲಿಲ್ಲೇನು?" ಎಂದು ಮೆಲ್ಲಗೆ ಕೇಳಿದೆ.

"ತಿಳೀತ್ರಿ. ಬರದು ನಿಮ್ಮ ಕೈಯಾಗ ಕೊಟ್ಟ ಮ್ಯಾಲ ಅದು ಗುಟ್ಟು ಹೆಂಗ ಆಗ್ತೈತ್ರಿ?"

ಸಭೆಯಲ್ಲಿ ಮತ್ತೆ ನಗು. ಈ ಸಲ ನಗೆಪಾಟಲಾದವನು ನಾನು, ಆದರೂ ಮನಸ್ಸು ಹಗುರಾಯಿತು.

ಆಮೇಲೆ ದಿನವೂ ಬೆಳಿಗ್ಗೆ ಬಾಗಲಕೋಟೆಯಲ್ಲಿ ನಾನು ಮೊದಲು ನೋಡುತ್ತಿದ್ದುದು ತಪ್ಪು ಪ್ರಯತ್ನಗಳ, ಲಾಕ್ ಆದ ಖಾತೆಗಳ ಪಟ್ಟಿಯನ್ನು. ಒಂದು ದಿನ ಅಕ್ಕನವರು ಎರಡು ಸಲ ತಪ್ಪು ಒತ್ತಿದ್ದರು. ಐದು ಸಲ ತಪ್ಪಿದರೆ ಖಾತೆ ಲಾಕ್. ಚಹಾದ ಲೋಟ ಕೈಯಲ್ಲೇ ಹಿಡಿದು ಕೂತೆ. ಮೂರನೆಯ ಸಲಕ್ಕೆ ಖಾತೆ ತೆರೆಯಿತು. ಕೂತಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ. ಪಕ್ಕದ ಮೇಜಿನವರು ಕ್ರಿಕೆಟ್ಟೇನೋ ಅಂದುಕೊಂಡರು.

ತಿಂಗಳ ಕೊನೆಯ ದಿನ, ಆದೇಶ ರದ್ದಾದ ಕಾಗದ ಹಿಡಿದು ನಾನೇ ಇಳಕಲ್ಲಿಗೆ ಹೋದೆ. ಕೌಂಟರಿನ ಮುಂದೆ ಎಂದಿನಂತೆ ಜನ. ಅಕ್ಕನವರು ಕಾಗದ ಓದಿದರು. ಸೆರಗಿನಿಂದ ಕಣ್ಣೊರೆಸಿಕೊಂಡು, ಕೀಬೋರ್ಡನ್ನು ತಾವೇ ಎತ್ತಿ ತೋರಿಸಿದರು. ಕೆಳಗೆ ಏನೂ ಇರಲಿಲ್ಲ.

ಖುಷಿಯಲ್ಲಿ ನನ್ನ ನಾಲಿಗೆ ಜಾರಿತು. "ಅಂಥಾದ್ದೇನ್ ಇಟ್ಟೀರಿ ಅಕ್ಕಾರ, ಇಷ್ಟ್ ನೆನಪ ಉಳದೈತಿ?"

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಪಾಸ್‌ವರ್ಡ್ ಕೇಳ್ತೀರೇನ್ರಿ ಸರ? ತಡೀರಿ, ನಿಮ್ಮ ಮ್ಯಾಲ ವರದಿ ಬರೀತೇನಿ."