ಬೀಗಿತ್ತಿಯ ಹನ್ನೆರಡು ಗಂಟೆ

ಮೂವತ್ತು ವರ್ಷ ಬ್ರಹ್ಮಾವರದ ಹೈಸ್ಕೂಲಿನಲ್ಲಿ ವೇಳಾಪಟ್ಟಿ ಹಾಕಿದವಳು ನಾನು. ಒಂದೇ ಪಿರಿಯಡ್ಡಿಗೆ ಇಬ್ಬರು ಮೇಷ್ಟ್ರು ಒಂದೇ ಕ್ಲಾಸಿನ ಬಾಗಿಲಲ್ಲಿ ನಿಂತದ್ದು ಒಮ್ಮೆಯೂ ಇಲ್ಲ. ಹಾಗಾಗಿ ಮೆಲ್ಬರ್ನ್‌ನಲ್ಲಿ ನರ್ಸ್ ಆಗಿರುವ ಮಗಳು ಮನೆಯವರಿಗೆಲ್ಲ ಸೇರಿ ಒಂದು ಕ್ಯಾಲೆಂಡರ್ ಮಾಡಿದಾಗ, ಅದರಲ್ಲಿ ತಿದ್ದುವ ಅನುಮತಿಯನ್ನು ನನಗೂ ಕೊಟ್ಟಳು. ಅವಳಿಗೆ, ಅಳಿಯನಿಗೆ, ನನಗೆ, ಮೂವರಿಗೆ ಮಾತ್ರ. ಶಿರೂರಿನ ಬೀಗಿತ್ತಿಗೆ, ಅಂದರೆ ಅಳಿಯನ ತಾಯಿಗೆ, ಬರೀ ನೋಡುವ ಅನುಮತಿ. ಅದು ತಿಳಿದ ದಿನ ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ಮೂರು ವರ್ಷದ ಮೊಮ್ಮಗನ ಜೊತೆ ವೀಡಿಯೋದಲ್ಲಿ ಮಾತಾಡಲು ನಮಗಿಬ್ಬರಿಗೂ ಸಿಗುವುದು ಭಾನುವಾರ ಒಂದೇ. ಅಳಿಯ ಹೋಟೆಲ್ಲಿನ ಅಡುಗೆಮನೆಯಲ್ಲಿ ಕೆಲಸ ಮಾಡುವವನು, ಒಂದು ದಿನ ಬಿಡುವು ಸಿಕ್ಕಾಗ ಕೂತು ತನ್ನ ತಾಯಿಯ ಹೊತ್ತನ್ನು ತನ್ನ ಫೋನಿನಿಂದಲೇ ನೀಲಿ ಬಣ್ಣದಲ್ಲಿ ಹಾಕಿಟ್ಟ. ಅಲ್ಲಿ ಸಂಜೆ ಐದೂವರೆ, ನಮಗೆ ಮಧ್ಯಾಹ್ನ ಹನ್ನೆರಡು. ಬೀಗಿತ್ತಿ ಆ ನೀಲಿ ಪೆಟ್ಟಿಗೆಯೊಳಗಿನ ಕೊಂಡಿ ಒತ್ತಿದರೆ ಸಾಕು, ಮಗು ಎದುರಿಗೆ ಬರುತ್ತದೆ. ನನ್ನದನ್ನು ನಾನೇ ಹಸಿರಿನಲ್ಲಿ ಬರೆದುಕೊಂಡೆ, ಮಧ್ಯಾಹ್ನ ಒಂದು ಗಂಟೆ. ಅಲ್ಲಿ ಆಗ ಆರೂವರೆ.

ಈ ಒಂದು ಗಂಟೆಯಲ್ಲಿ ಎಂಥ ಅನ್ಯಾಯ ಇತ್ತು ಅಂತ ಬರೆದಿಟ್ಟ ಮೇಲೆ ಗೊತ್ತಾಯಿತು. ಐದೂವರೆಗೆ ಮಗು ಸ್ನಾನ ಮಾಡಿ, ತಲೆ ಬಾಚಿ, ಕುಣಿಯುತ್ತಾ ಇರುತ್ತದೆ. ಬೀಗಿತ್ತಿ ಕೊಟ್ಟಿಗೆಗೆ ಫೋನು ಹಿಡಿದು ಹೋಗಿ ಕರುವನ್ನು ತೋರಿಸುತ್ತಾರೆ, ಇವನು ಅಲ್ಲಿಂದಲೇ ಅಂಬಾ ಅನ್ನುತ್ತಾನೆ. ಆರೂವರೆಗೆ ನನ್ನ ಪಾಲಿಗೆ ಬರುವುದು ಕಣ್ಣುಜ್ಜುವ ಮಗು. ನಾನು ಏನು ಕೇಳಿದರೂ ತಾಯಿಯ ಹೆಗಲಿಗೆ ಮುಖ ಒರೆಸುತ್ತದೆ. ಕೊನೆಗೆ ನಾನು ಏನೋ ಒಂದು ಜೋಗುಳ ಗುನುಗುತ್ತೇನೆ, ಅದು ಮುಗಿಯುವ ಮೊದಲೇ ನಿದ್ದೆ. ಮಾತು ಅವರಿಗೆ, ಆಕಳಿಕೆ ನನಗೆ. ಹೊಟ್ಟೆ ಉರಿಯದೆ ಇನ್ನೇನು?

ಮಾರ್ಚ್ ಕೊನೆಯ ವಾರ ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ ಕ್ಯಾಲೆಂಡರ್ ಮುಂದೆ ಸರಿಸುತ್ತಿದ್ದೆ. ಏಪ್ರಿಲ್ ಮೊದಲ ಭಾನುವಾರಕ್ಕೆ ಬಂದವಳು ಲೋಟ ಕೆಳಗಿಟ್ಟೆ. ನೀಲಿ ಪೆಟ್ಟಿಗೆ ಹನ್ನೆರಡರಿಂದ ಇಳಿದು ಒಂದು ಗಂಟೆಗೆ ಬಂದು ಕೂತಿದೆ, ನನ್ನ ಹಸಿರನ್ನು ಅರ್ಧಕ್ಕೆ ಒತ್ತರಿಸಿ! ಮುಂದಿನ ವಾರವೂ ಹಾಗೇ, ಅದರ ಮುಂದಿನ ವಾರವೂ ಹಾಗೇ. ಓಹೋ, ಮಗನ ಕಿವಿ ಊದಿ ನನ್ನ ಹೊತ್ತಿಗೂ ಕೈ ಹಾಕಿದರಾ ಅಂದುಕೊಂಡೆ. ಒಂದು ಮಾತು ಯಾರನ್ನೂ ಕೇಳಲಿಲ್ಲ. ನೀಲಿಯನ್ನು ಒತ್ತಿ ಅಳಿಸಲು ಹೇಳಿದೆ. ಇದೊಂದೇ ದಿನದ್ದಾ, ಮುಂದಿನವೂ ಎಲ್ಲವಾ ಅಂತ ಅದು ಕೇಳಿತು. ಮುಂದಿನವೂ ಎಲ್ಲ ಅಂದೆ. ಆಹ್ವಾನ ಹೋದವರಿಗೆ ಮೇಲ್ ಕಳಿಸಲಾ ಅಂತ ಕೇಳಿತು. ಬೇಡ ಅಂದೆ. ಎರಡು ಸಲ ಯೋಚಿಸಲು ಅದು ಅವಕಾಶ ಕೊಟ್ಟಿತ್ತು, ನಾನು ತೆಗೆದುಕೊಳ್ಳಲಿಲ್ಲ.

ಆ ಭಾನುವಾರ ಒಂದು ಗಂಟೆಗೆ ನನ್ನ ಪಾಲಿಗೆ ಹಬ್ಬ. ಮಗು ಎಚ್ಚರವಾಗಿತ್ತು, ಒದ್ದೆ ತಲೆ, ಕೈಯಲ್ಲಿ ಆಟದ ಬಸ್ಸು. ಹತ್ತು ಎಣಿಸಿ ತೋರಿಸಿತು, ಏಳು ಬಿಟ್ಟು. ಐವತ್ತು ನಿಮಿಷ ಮಾತು! "ಅತ್ತೆ ಇವತ್ತ್ ಬರ್ಲೇ ಇಲ್ಲ, ಎಲ್ಲೋ ಮದಿಗೆ ಹೋಯಿರ್ಕ್" ಅಂದಳು ಮಗಳು. ಮದುವೆಗೇ ಇರಬಹುದು ಅಂದೆ.

ಎರಡು ಗಂಟೆಗೆ ಶಿರೂರಿನಿಂದ ಫೋನು ಬಂತು.

"ಹ್ವಾಯ್ ಟೀಚರೇ, ಉಂಡ್ರ್ಯಾ? ನನ್ ಫೋನಗೆ ಆ ನೀಲಿ ಪೆಟ್ಗಿ ಕಾಂತಿಲ್ಲ ಮಾರ್ರೆ. ಹನ್ನೆರಡ್ ಗಂಟಿಗೆ ಕೂಕಂಡವ್ಳ್ ಇನ್ನೂ ಕೂಕಂಡೇ ಇದ್ದೆ. ನಾನೇ ಎಂತದೋ ಒತ್ತಿ ಹಾಳ್ ಮಾಡ್ದೆ ಕಾಣತ್ತ್. ಮಗನ ಹತ್ರ ಹೇಳುಕೆ ನಾಚ್ಕಿ. ನೀವ್ ಕಲ್ತವ್ರ್, ಒಂಚೂರ್ ಕಾಣ್ತ್ರ್ಯಾ?"

ಆಗಲೇ ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು ಬೇರೆ: "ಹೌದ್, ನೀವೇ ಒತ್ತಿರ್ಕ್. ಕಾಂಬ."

ಮರುದಿನ ಮಗಳ ಫೋನು. ಅತ್ತೆಯ ನೀಲಿ ಪೆಟ್ಟಿಗೆ ಇಲ್ಲದ್ದನ್ನು ನೋಡಿದ್ದಳು, ದನಿ ತಣ್ಣಗಿತ್ತು. ಅಲ್ಲಿನ ಕ್ರಮದಂತೆ, ಬೇಸಿಗೆ ಮುಗಿಯಿತೆಂದು ಊರಿನವರೆಲ್ಲ ಗಡಿಯಾರವನ್ನು ಒಂದು ಗಂಟೆ ಹಿಂದೆ ಇಟ್ಟಿದ್ದಾರೆ. ಅತ್ತೆಯ ಪೆಟ್ಟಿಗೆ ಮೆಲ್ಬರ್ನ್ ಹೊತ್ತಿನಲ್ಲಿ ಬರೆದದ್ದು, ಅದು ಅಲ್ಲಿನ ಐದೂವರೆಯಲ್ಲೇ ನಿಂತಿತು. ಇಲ್ಲಿ ಕಾಣುವಾಗ ಹನ್ನೆರಡು ಹೋಗಿ ಒಂದಾಯಿತು. ನನ್ನದು ಇಲ್ಲಿನ ಹೊತ್ತಿನಲ್ಲಿ ಬರೆದದ್ದು, ಇಲ್ಲಿನ ಒಂದರಲ್ಲೇ ಉಳಿಯಿತು, ಅಲ್ಲಿಗೆ ಆರೂವರೆ ಹೋಗಿ ಐದೂವರೆಯಾಯಿತು. ಯಾರೂ ಯಾರ ಹೊತ್ತನ್ನೂ ಕಸಿದಿರಲಿಲ್ಲ.

"ಅಳ್ಸುಕ್ ಆಪ್ದ್ ಮೂರೇ ಜನಕ್ಕೆ ಅಮ್ಮ. ನಾವಿಬ್ರೂ ಅಳ್ಸ್ಲಿಲ್ಲ" ಅಂದಳು. "ನೀನೇ ಅಳ್ಸಿದ್ದ್, ನೀನೇ ಬರಿ. ಅತ್ತಿಗೂ ನೀನೇ ಹೇಳ್" ಅಂತ ಫೋನಿಟ್ಟಳು. ಹೊತ್ತು ಹಾಕುವುದರಲ್ಲಿ ತಪ್ಪದವಳು ಅಂತ ಮೂವತ್ತು ವರ್ಷ ಮೆರೆದದ್ದು ನೆನಪಾಗಿ ಮುಖ ಬಿಸಿಯಾಯಿತು.

ಬುಧವಾರ ಬೀಗಿತ್ತಿಯೇ ಬಸ್ಸು ಹತ್ತಿ, ಕುಂದಾಪುರದಲ್ಲಿ ಬದಲಿಸಿ, ನಮ್ಮ ಮನೆಗೆ ಬಂದರು. ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅದರ ಮೇಲೆ ರಬ್ಬರ್ ಬ್ಯಾಂಡ್ ಹಾಕಿದ್ದರು.

"ಭಾನ್ವಾರದಿಂದ ಮುಟ್ಲೇ ಇಲ್ಲ. ಇನ್ನೆಂತಾರೂ ಒತ್ತಿ ಹೋದ್ರೆ ಅಂದೇಳಿ ಹೆದ್ರಿಕಿ" ಅಂದರು.

ಆ ರಬ್ಬರ್ ಬ್ಯಾಂಡ್ ನೋಡಿ ನನಗೆ ನನ್ನ ಮೇಲೇ ಅಸಹ್ಯವಾಯಿತು. "ನೀವ್ ಒತ್ತದ್ದಲ್ಲ. ನಾನ್ ಅಳ್ಸದ್ದ್. ಹೊಟ್ಟಿಕಿಚ್ಚಿಗೆ" ಅಂದೆ. ಮಗು ಅವರ ಹತ್ತಿರ ಕುಣಿಯುವುದು, ನನ್ನ ಹತ್ತಿರ ತೂಕಡಿಸುವುದು, ಎಲ್ಲ ಹೇಳಿದೆ.

ಅವರು ಎದ್ದು ಹೋಗುತ್ತಾರೆ ಅಂದುಕೊಂಡಿದ್ದೆ. ಕವರು ಬಿಚ್ಚುತ್ತಿದ್ದ ಕೈ ನಿಂತಿತು, ಮುಖ ಕೆಂಪಾಯಿತು.

"ನಂಗೆ ಅಳ್ಸುಕೆ ಬತ್ತಿದ್ರೆ, ನಿಮ್ದನ್ನ್ ಯಾವತ್ತೋ ಅಳ್ಸ್ತಿದ್ದೆ ಟೀಚರೇ" ಅಂದರು. "ನನ್ ಹತ್ರ ಮಗು ಎಂತ ಮಾಡತ್ತ್? ಕರು ಕಾಂತ್, ಓಡಿ ಹೋತ್ತ್. ನಿಮ್ ದನಿ ಕೇಂಡ್ಕಂಡ್ ಮನಿಕಂತ್ ಅಂಬ್ರ್. ಮಗ ಹೇಳದ್ ದಿನ ನಂಗೆ ಉಂಬುಕೆ ಸೇರ್ಲಿಲ್ಲ."

ಅವರಿಗೆ ಬೇಕಿದ್ದದ್ದು ನನ್ನ ಜೋಗುಳದ ಹೊತ್ತು; ಅದಲುಬದಲು ಮಾಡಿಕೊಳ್ಳುವ ಅಂದೆ, ಅವರು ಹ್ಞೂಂ ಅಂದರು. ಆಮೇಲೆ ನಾನು ಎರಡೂ ಪೆಟ್ಟಿಗೆಗಳನ್ನು ಮೆಲ್ಬರ್ನ್ ಹೊತ್ತಿನಲ್ಲೇ ಹೊಸದಾಗಿ ಬರೆದೆ, ಗಡಿಯಾರ ಅಲ್ಲಿ ಹಿಂದೆ ಹೋದರೂ ಮುಂದೆ ಹೋದರೂ ಇವೆರಡು ಜೊತೆಯಾಗಿಯೇ ಸರಿಯುವ ಹಾಗೆ. ಐದೂವರೆ ಹಸಿರು, ನನಗೆ. ಆರೂವರೆ ನೀಲಿ, ಅವರಿಗೆ. ಆಹ್ವಾನ ಅವರ ಫೋನಿಗೆ ಹೋಯಿತು. "ಒಪ್ಪಿಗೆ" ಎಂಬುದನ್ನು ಅವರು ನನ್ನನ್ನು ಎರಡು ಸಲ ಕೇಳಿ ಒತ್ತಿದರು.

ಮುಂದಿನ ಭಾನುವಾರ ಮಗು ನನಗೆ ಬಸ್ಸು ತೋರಿಸಿ, ಎಣಿಸಿ, ಕುಣಿಯಿತು. ನನ್ನ ಹೊತ್ತು ಮುಗಿದ ಮೇಲೆ ಫೋನಿಡಲಾಗಲಿಲ್ಲ. ಎರಡು ಗಂಟೆಯ ನೀಲಿ ಪೆಟ್ಟಿಗೆಯನ್ನೇ ನೋಡುತ್ತಾ ಕೂತೆ. ಎರಡೂವರೆಗೆ ಮಗಳಿಗೆ ಬರೆದೆ: ಮಲಗಿತಾ? ಮಲಗಿತು, ಅತ್ತೆ ಹಾಡು ಹೇಳಿದರು ಅಂತ ಉತ್ತರ ಬಂತು. ಅದರ ಹಿಂದೆಯೇ ಇನ್ನೊಂದು: ಇನ್ನು ಅತ್ತೆಗೂ ತಿದ್ದುವ ಅನುಮತಿ ಕೊಡಲಾ ಅಮ್ಮ?

ಬೇಡ, ನೋಡುವುದು ಸಾಕು ಅಂತ ಬರೆದೆ.