ಶುಕ್ರವಾರ ಐದು ಗಂಟೆಗೆ ಹೇಳ್ತೀನಿ

ಕಡೂರಿನ ಹತ್ತಿರ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಹೊಸ ಘಟಕ ಶುರುವಾಗುವುದಿತ್ತು. ಅದಕ್ಕೆ ಜನರನ್ನು ಆರಿಸುವ ಕೆಲಸ ನನ್ನದು. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದೆವು. ಎರಡು ಮಿಷನ್ ಇಟ್ಟು, ಬಂದವರಿಂದ ಕಾಲರ್ ಹೊಲಿಸಿ ನೋಡಿ, ಮಾತಾಡಿಸಿ, ಮೂವತ್ತೊಂದು ಜನರ ಪಟ್ಟಿಯನ್ನು ಹೆಡ್ಡಾಫೀಸಿಗೆ ಕಳಿಸಿದೆ. ಹದಿನೈದು ದಿನದಲ್ಲಿ ಆಫರ್ ಲೆಟರ್ ಬರುತ್ತೆ ಅಂತ ಎಲ್ಲರಿಗೂ ಹೇಳಿದ್ದೆ. ನನಗೂ ಹಾಗೇ ಹೇಳಿದ್ದರು.

ಹದಿನೈದು ದಿನ ಕಳೆಯಿತು. ತರೀಕೆರೆಯಿಂದ ಬೆಳಿಗ್ಗೆ ರೈಲು ಹತ್ತುವಾಗಲೇ ಫೋನ್ ಗುಂಯ್‌ಗುಡಲು ಶುರು. "ಮೇಡಂ, ಏನಾಯ್ತು?" "ಮೇಡಂ, ನಂದು ಸೆಲೆಕ್ಟ್ ಆಗೈತಾ?" ಫೋನನ್ನು ಮಗುಚಿ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದೆ. ಬೀರೂರು ಬರುವಷ್ಟರಲ್ಲಿ ಮತ್ತೆ ತಿರುಗಿಸಿ ನೋಡುತ್ತಿದ್ದೆ. ಉತ್ತರ ಬರೆಯುವುದು, ಅಳಿಸುವುದು, ಇದೇ ಆಯಿತು. ಆಫೀಸಿನಲ್ಲಿ ಕೂತರೆ ಕೂರಲಾಗದು, ಎದ್ದರೆ ಮಾಡಲು ಏನೂ ಇಲ್ಲ. ತಂದ ಬುತ್ತಿ ಎಷ್ಟೋ ದಿನ ಹಾಗೇ ವಾಪಸ್ ಮನೆಗೆ ಹೋಯಿತು.

ಹೆಡ್ಡಾಫೀಸಿನ ಮ್ಯಾನೇಜರಿಗೆ ದಿನಾ ಫೋನ್ ಮಾಡುತ್ತಿದ್ದೆ. ಬಟ್ಟೆ ಕೊಳ್ಳುವ ಕಂಪನಿಯವರು ಘಟಕವನ್ನು ಬಂದು ನೋಡಬೇಕು, ನೋಡಿ ಒಪ್ಪಿದ ಮೇಲೆ ಆರ್ಡರ್, ಆರ್ಡರ್ ಬಂದ ಮೇಲೆ ಲೆಟರ್ ಅಂದರು. ಅವರು ಬರುವುದು ಎರಡು ಸಲ ಮುಂದಕ್ಕೆ ಹೋಗಿತ್ತು. ಕ್ಯಾಂಡಿಡೇಟುಗಳಿಗೆ ಏನು ಹೇಳಲಿ ಅಂತ ಕೇಳಿದರೆ, ಇನ್ನೆರಡು ದಿನದಲ್ಲಿ ಅನ್ನಿ, ಇಲ್ಲದಿದ್ದರೆ ಒಳ್ಳೊಳ್ಳೆ ಟೈಲರ್‌ಗಳೆಲ್ಲ ಬೇರೆ ಕಡೆ ಹೋಗಿಬಿಡ್ತಾರೆ ಅಂದರು. ಒಂದು ಸಲ ಹಾಗೇ ಹೇಳಿದೆ ಕೂಡ. ಆ ಎರಡು ದಿನ ಕಳೆದ ಮೇಲೆ ಯಾರ ಫೋನನ್ನೂ ಎತ್ತುವ ಧೈರ್ಯ ಉಳಿಯಲಿಲ್ಲ.

ಅಂಥದ್ದರಲ್ಲೇ ಅಜ್ಜಂಪುರದ ಹೆಣ್ಣುಮಗಳು ಮಹಡಿ ಹತ್ತಿ ಬಂದದ್ದು. ಸೂಪರ್‌ವೈಸರ್ ಕೆಲಸಕ್ಕೆ ಆರಿಸಿದ್ದೆ. ಮೂವತ್ತು ದಾಟಿದವರು, ಊರಲ್ಲಿ ಒಂದು ಟೈಲರಿಂಗ್ ಅಂಗಡಿಯಲ್ಲಿ ಒಂಬತ್ತು ವರ್ಷದಿಂದ ದುಡಿಯುತ್ತಿದ್ದರು. ಇಂಟರ್‌ವ್ಯೂ ದಿನ ಅವರ ಕೈಚಳಕ ನೋಡಿ ಖುಷಿಯಲ್ಲಿ, "ನಿಮ್ದು ಬಹುತೇಕ ಆದಂಗೇ" ಅಂದಿದ್ದೆ. ಪಟ್ಟಿ ಇನ್ನೂ ಮೇಲಕ್ಕೇ ಹೋಗಿರಲಿಲ್ಲ. ಹೇಳಬಾರದ ಮಾತು ಅದು.

ಅವರು ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು. ನಾನು ಆವತ್ತು ಅಂದ ಮಾತು ನಂಬಿಕೊಂಡು, ಈ ತಿಂಗಳಿಗೆ ಕೆಲಸ ಬಿಡ್ತೀನಿ ಅಂತ ಅಂಗಡಿ ನಡೆಸುವ ಅಕ್ಕನಿಗೆ ಹೇಳಿಬಿಟ್ಟಿದ್ದರಂತೆ. ಶಾಲೆ ಯೂನಿಫಾರಂ ಹೊಲಿಯುವ ಕಾಲ ಬಂತು, ಅಕ್ಕ ಬೇರೆಯವರನ್ನು ಹುಡುಕುತ್ತಿದ್ದಾರೆ, ಸೋಮವಾರ ಒಬ್ಬಳು ನೋಡಲು ಬರುತ್ತಾಳೆ. ಅಂದು ಗುರುವಾರ.

"ಲೆಟರ್ ಯಾವತ್ತು ಬತ್ತದೆ ಮೇಡಂ? ಒಂದು ದಿನ ಹೇಳ್ಬಿಡಿ, ಸಾಕು."

ಎರಡು ದಿನ ಅನ್ನುವ ಮಾತು ನಾಲಿಗೆಯ ತುದಿವರೆಗೆ ಬಂದಿತ್ತು. ಅವರನ್ನು ಕೂರಿಸಿ, ಹೊರಗೆ ಮೆಟ್ಟಿಲ ಹತ್ತಿರ ಹೋಗಿ ಮ್ಯಾನೇಜರಿಗೆ ಫೋನ್ ಮಾಡಿದೆ. ಲೆಟರ್ ಯಾವಾಗ ಅಂತ ಈ ಸಲ ಕೇಳಲಿಲ್ಲ. ಯಾವ ದಿನಕ್ಕಿಂತ ಮುಂಚೆ ನಿಮಗೇ ಏನೂ ಗೊತ್ತಾಗುವುದಿಲ್ಲ, ಅದನ್ನು ಹೇಳಿ ಅಂದೆ. ಬರುವ ಬುಧವಾರ ಆ ಕಂಪನಿಯವರು ಬಂದು ನೋಡುವವರೆಗೆ ಏನೂ ಇಲ್ಲ, ಅದೂ ಬಂದರೆ ಅಂದರು. ಇದನ್ನೇ ಎಲ್ಲರಿಗೂ ಹೇಳುತ್ತೇನೆ ಅಂದೆ. ಬಿಟ್ಟುಹೋದವರ ಜಾಗವನ್ನು ನೀವೇ ತುಂಬಿಸಿಕೊಡಬೇಕು ಅಂತ ಫೋನ್ ಇಟ್ಟರು.

ಒಳಗೆ ಬಂದು ಅವರೆದುರು ಕೂತೆ.

"ಆವತ್ತು ನಾನು ಹೇಳಿದ್ದು ತಪ್ಪು. ನಿಮ್ಮ ಹೆಸರು ಪಟ್ಟಿಯಲ್ಲಿದೆ, ಆದ್ರೆ ಹೆಡ್ಡಾಫೀಸಿನವರು ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಕೊಡ್ತಾರೋ ಇಲ್ವೋ ನಂಗೂ ಗೊತ್ತಿಲ್ಲ. ಮುಂದಿನ ಶುಕ್ರವಾರ ಸಂಜೆ ಐದಕ್ಕೆ ನಾನೇ ಫೋನ್ ಮಾಡ್ತೀನಿ. ಸುದ್ದಿ ಇದ್ರೂ ಮಾಡ್ತೀನಿ, ಇಲ್ದಿದ್ರೂ ಮಾಡ್ತೀನಿ. ಲೆಟರ್ ಕೈಗೆ ಬರೋವರೆಗೂ ಇರೋ ಕೆಲಸ ಬಿಡ್ಬೇಡಿ."

ಅವರು ಬೈದಿದ್ದರೆ ಹಗುರಾಗುತ್ತಿತ್ತೇನೋ. ಸೆರಗಿನ ಅಂಚನ್ನು ಮಡಚುತ್ತಾ ಬಿಚ್ಚುತ್ತಾ ಕೂತಿದ್ದರು. "ಅಕ್ಕನ ಮುಂದೆ ಹೆಂಗೆ ನಿಂತ್ಕಳ್ಲಿ ಈಗ" ಅಂದು ಎದ್ದು ಹೋದರು.

ಅಂದು ಮಧ್ಯಾಹ್ನವೇ ಮಿಕ್ಕವರಿಗೆಲ್ಲ ಅದೇ ಮಾತುಗಳನ್ನು ಬರೆದು ಕಳಿಸಿದೆ. ತಡವಾಗಿದೆ, ಕಾರಣ ಇದು, ಗೊತ್ತಿರುವುದು ಇಷ್ಟು, ಬೇರೆ ಕಡೆ ಕೆಲಸ ಸಿಕ್ಕರೆ ನಮಗಾಗಿ ಬಿಡಬೇಡಿ, ಮುಂದಿನ ವಾರ ಶುಕ್ರವಾರ ಐದಕ್ಕೆ ಮತ್ತೆ ಹೇಳುತ್ತೇನೆ. ಎರಡು ದಿನ ಅಂದದ್ದಕ್ಕೆ ಕ್ಷಮೆ ಕೇಳಿದೆ. ಅಮೃತಾಪುರದ ಹುಡುಗನೊಬ್ಬ, ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ಅಂತ ಬರೆದ. ಇನ್ನೊಬ್ಬರು ಬರೀ ಹೆಬ್ಬೆರಳೆತ್ತಿದ ಚಿತ್ರ ಕಳಿಸಿದರು. ಆಮೇಲೆ ಫೋನ್ ತಣ್ಣಗಾಯಿತು. ಆದರೂ ನನಗೆ ನೆಮ್ಮದಿ ಬರಲಿಲ್ಲ.

ಶನಿವಾರ ನಾನೇ ಅಜ್ಜಂಪುರದ ಬಸ್ಸು ಹತ್ತಿದೆ. ಹೋಗಿ ಏನು ಮಾಡುತ್ತೇನೆ ಅಂತ ದಾರಿಯುದ್ದಕ್ಕೂ ಗೊತ್ತಿರಲಿಲ್ಲ. ಅಂಗಡಿಯ ಅಕ್ಕ ನೀಲಿ ಬಟ್ಟೆಯ ರಾಶಿ ಮುಂದೆ ಕತ್ತರಿ ಹಿಡಿದು ನಿಂತಿದ್ದರು. ಆ ಹೆಣ್ಣುಮಗಳು ಮಿಷನ್ ಮೇಲೆ ತಲೆ ಬಗ್ಗಿಸಿಕೊಂಡಿದ್ದರು. ಹೊಸ ಕೆಲಸ ಖಚಿತವಿಲ್ಲ ಅನ್ನುವುದನ್ನು ಅಕ್ಕನ ಮುಂದೆ ಇನ್ನೂ ಬಾಯಿ ಬಿಟ್ಟಿಲ್ಲ ಅಂತ ನೋಡಿದ ಕೂಡಲೇ ತಿಳಿಯಿತು. ನಾನು ಇಂಥವಳು, ಆಗದ ಕೆಲಸವನ್ನು ಆಯ್ತು ಅಂತ ಹೇಳಿದ್ದು ನಾನು, ಇವರ ತಪ್ಪಿಲ್ಲ ಅಂದೆ.

ಅಕ್ಕ ಕತ್ತರಿ ಆಡಿಸುವುದನ್ನು ನಿಲ್ಲಿಸಲಿಲ್ಲ. "ಹೋಗೋಳನ್ನ ನಾನು ತಡೆಯೋಳಲ್ಲ ಕಣಮ್ಮ. ಆದ್ರೆ ಯೂನಿಫಾರಂ ಮುಗಿಯೋಗಂಟ ಇರ್ತೀನಿ ಅಂತ ಈಗ್ಲೇ ಹೇಳ್ಬೇಕು, ಇಲ್ಲಾಂದ್ರೆ ಸೋಮವಾರ ಬರೋಳನ್ನ ಇಟ್ಕತೀನಿ."

ಆಕೆ ನನ್ನ ಕಡೆ ನೋಡಲಿಲ್ಲ. "ಇರ್ತೀನಿ ಅಕ್ಕ" ಅಂದರು.

ಬುಧವಾರ ಆ ಕಂಪನಿಯವರು ಬಂದರು, ನೋಡಿದರು, ಏನೂ ಹೇಳದೆ ಹೋದರು. ಶುಕ್ರವಾರ ನಾಲ್ಕಕ್ಕೆ ಮ್ಯಾನೇಜರಿಗೆ ಕೇಳಿದರೆ ಸುದ್ದಿಯಿಲ್ಲ. ಸುದ್ದಿಯಿಲ್ಲ ಅಂತ ಹೇಳಲು ಅಷ್ಟು ಜನಕ್ಕೆ ಫೋನ್ ಮಾಡುವುದು ಎಷ್ಟು ಕಷ್ಟ ಅಂತ ಅವತ್ತೇ ಗೊತ್ತಾದದ್ದು. ಕಿಟಕಿಗೂ ಬಾಗಿಲಿಗೂ ಹತ್ತು ಸಲ ಓಡಾಡಿ, ಐದಕ್ಕೆ ಸರಿಯಾಗಿ ಮೊದಲ ನಂಬರ್ ಒತ್ತಿದೆ. ಇನ್ನೂ ಗೊತ್ತಾಗಿಲ್ಲ, ಮುಂದಿನ ಶುಕ್ರವಾರ ಇದೇ ಹೊತ್ತಿಗೆ ಮತ್ತೆ ಮಾಡ್ತೀನಿ ಅಂದೆ. ಏಳು ಜನ ಬೇರೆ ಕಡೆ ಸೇರಿಕೊಂಡಿದ್ದರು. ಬೈದವನು ಅಮೃತಾಪುರದ ಹುಡುಗ ಒಬ್ಬನೇ ಅಲ್ಲ, ಆದರೆ ಎಲ್ಲರೂ ಫೋನ್ ಎತ್ತಿದರು.

ಅದರ ಮುಂದಿನ ವಾರ, ಶುಕ್ರವಾರಕ್ಕೆ ಮೊದಲೇ ಒಪ್ಪಿಗೆ ಬಂತು, ಹದಿನೆಂಟು ಜನಕ್ಕೆ ಮಾತ್ರ. ಸಿಗದವರಿಗೆ ಮೊದಲು ಫೋನ್ ಮಾಡಿ ಇಲ್ಲ ಅಂತಲೇ ಹೇಳಿದೆ. ಅಜ್ಜಂಪುರದವರ ಹೆಸರು ಹದಿನೆಂಟರಲ್ಲಿತ್ತು, ಇಪ್ಪತ್ತು ದಿನದಲ್ಲಿ ಸೇರಬೇಕಿತ್ತು. ಯೂನಿಫಾರಂ ಇನ್ನೂ ಅರ್ಧ ಉಳಿದಿದೆ, ಆಗಲ್ಲ ಮೇಡಂ ಅಂದರು. ದಿನ ಮುಂದೂಡಿಸಲು ಹೆಡ್ಡಾಫೀಸಿಗೆ ಎರಡು ಸಲ ಬರೆದೆ. ಒಪ್ಪಲಿಲ್ಲ. ಅದನ್ನೂ ಅವರಿಗೆ ಅವತ್ತೇ ಹೇಳಿದೆ. ಆ ಜಾಗಕ್ಕೆ ಕಡೂರಿನವರೊಬ್ಬರು ಬಂದರು.

ಮತ್ತೆ ಜನ ಬೇಕಾದಾಗ ಮೊದಲು ಫೋನ್ ಮಾಡಿದ್ದು ಅಜ್ಜಂಪುರದವರಿಗೇ. ಖಾಲಿ ಇದೆ, ಆದರೆ ಒಪ್ಪಿಗೆ ಬಂದಿಲ್ಲ ಅಂದೆ. ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ.

"ಒಪ್ಪಿಗೆ ಬಂದ್ಮೇಲೆ ಮಾಡಿ ಮೇಡಂ. ಅಲ್ಲೀಗಂಟ ನಾನು ಅಕ್ಕನಿಗೆ ಏನೂ ಹೇಳಲ್ಲ."