ರೇವವ್ವನ ಖೋಲಿ ಸೋರಿದ್ದು

ಸಿಂದಗಿಯಲ್ಲಿ ಕೌದಿ ಹೊಲಿಯುವ ರೇವವ್ವನ ಕೈಯೂ ನಿಲ್ಲುತ್ತಿರಲಿಲ್ಲ, ಬಾಯಿಯೂ ನಿಲ್ಲುತ್ತಿರಲಿಲ್ಲ. ಗಂಡ ತೀರಿದ ಮೇಲೆ ಹಳೆ ಸೀರೆಯ ತುಂಡುಗಳನ್ನು ಜೋಡಿಸುತ್ತಲೇ ಒಬ್ಬ ಮಗಳನ್ನು ಬೆಳೆಸಿ, ದೇವಣಗಾಂವಕ್ಕೆ ಮದುವೆ ಮಾಡಿಕೊಟ್ಟಿದ್ದಳು. ಆ ಮಗಳು ಚಂದವ್ವ ಈಗ ಚೊಚ್ಚಲ ಬಸುರಿ. ಬಸುರಿಗೆ ಮಾಡುವ ಕುಬಸದ ಶಾಸ್ತ್ರ ಮುಗಿದಿತ್ತು. ಇನ್ನು ತವರಿಗೆ ಕರೆತರಬೇಕು ಎನ್ನುವಾಗ ಬೀಗತಿ ಶಂಕ್ರೆವ್ವ ಹೇಳಿ ಕಳಿಸಿದಳು: ಬಾಣಂತಿ ಇರುವ ಖೋಲಿಯನ್ನು ತಾನೇ ಬಂದು ನೋಡುವಳಂತೆ, ಬೆಚ್ಚಗಿದ್ದರೆ ಸೊಸೆಯನ್ನು ಕಳಿಸುವಳು, ಇಲ್ಲದಿದ್ದರೆ ಹೆರಿಗೆ ಅಲ್ಲಿಯೇ.

ಆದರೆ ರೇವವ್ವನ ಬಾಡಿಗೆಯ ಖೋಲಿ ಮೇಲಿನಿಂದ ಸೋರುತ್ತಿತ್ತು. ಜಂತಿಯ ಮೇಲಿನ ಹಲಗೆ ಕಪ್ಪಾಗಿ, ಗೋಡೆಯ ಸುಣ್ಣ ಹಪ್ಪಳದಂತೆ ಏಳುತ್ತಿತ್ತು.

ಮನೆಯ ಮಾಲಕ ಮಡಿವಾಳಪ್ಪ ಮುಂದಿನ ಭಾಗದಲ್ಲೇ ಇದ್ದ. ರೇವವ್ವ ಹೋಗಿ ಹೇಳಿದಳು.

“ಮಳಿ ನೀರ ಇರಬೇಕು, ಯವ್ವಾ.”

“ಶಿವರಾತ್ರಿ ಆಗೇತಿ, ಅಣ್ಣಾರ. ಈಗ ಎಲ್ಲಿ ಮಳಿರಿ? ನನ್ನ ಖೋಲಿ ಮ್ಯಾಲೆ ನಿಮ್ಮ ತಮ್ಮಾರ ಬಚ್ಚಲ ಐತಿ. ಅವರು ಜಳಕ ಮಾಡಿದ್ರ ನನ್ನ ಖೋಲಿಗೆ ಹನಿ ಬೀಳ್ತಾವ.”

‘ತಮ್ಮ’ ಎಂಬ ಮಾತು ಕೇಳಿದ್ದೇ ತಡ, ಮಡಿವಾಳಪ್ಪ ಎಲೆಯಡಿಕೆಯ ಚಂಚಿಯಲ್ಲಿ ಏನೋ ಹುಡುಕತೊಡಗಿದ. ಮನೆ ಪಾಲಾದ ವಾಟಣಿಯಲ್ಲಿ ಕೆಳಗಿನ ಮನೆ ಅವನಿಗೂ ಮೇಲಿನ ಮಹಡಿ ತಮ್ಮ ಬಸಂತರಾಯನಿಗೂ ಬಂದಿತ್ತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಅಣ್ಣ ತಮ್ಮನ ಮೆಟ್ಟಿಲು ಹತ್ತುವುದಿಲ್ಲ, ತಮ್ಮ ಅಣ್ಣನ ಹೊಸ್ತಿಲು ದಾಟುವುದಿಲ್ಲ.

“ನೀನ ಹೋಗಿ ಹೇಳು.”

“ಹೇಳಿ ಬಂದೇನ್ರಿ. ‘ಕೆಳಗಿನ ಮಾಲಕ ಬಂದು ಹೇಳ್ಲಿ, ಬಾಡಿಗಿಯಾಕಿ ಮಾತಿಗೆ ನಾ ಯಾಕ ಫರಸಿ ಕೀಳ್ಲಿ’ ಅಂದ್ರು. ಅವರ ನೆಲಕ್ಕ ನಾ ಕೈ ಹಚ್ಚಾಕ ಬರ್ತೈತೇನ್ರಿ? ನೀವ ಮಾತಾಡಬೇಕು.”

“ನೋಡೋಣು,” ಎಂದ ಮಡಿವಾಳಪ್ಪ. ಅವನ ‘ನೋಡೋಣು’ ಎಂದರೆ ಮುಗಿಯಿತು, ಯಾರೂ ಏನೂ ನೋಡುವುದಿಲ್ಲ.

ರೇವವ್ವ ಹೊಲಿಯುತ್ತ ಯೋಚಿಸಿದಳು. ಮರುದಿನ ಮುಂಜಾನೆ ಚಹಾ ಕಾಸಿದಳು.

“ಅಣ್ಣಾರ, ಬಂದು ಕಣ್ಣಿಂದ ಒಮ್ಮೆ ನೋಡಿದ್ರ ಸಾಕ್ರಿ. ಚಹಾ ಕುಡದು ಹೋಗ್ರಿ.”

ಅತಿಥಿಗೆ ಒಳ್ಳೆಯ ಜಾಗ ಕೊಡಬೇಕಲ್ಲ, ಖೋಲಿಯ ನಡುವೆ ಹೊಸ ಕೌದಿ ಹಾಸಿ ಕೂರಿಸಿದಳು. ಮಡಿವಾಳಪ್ಪ ಆಗಷ್ಟೇ ಮಡಿ ಮಾಡಿದ ಬಿಳಿ ರುಮಾಲು ಸುತ್ತಿಕೊಂಡು ಬಂದಿದ್ದ. ಮೇಲೆ ಹಂಡೆಯಲ್ಲಿ ತಂಬಿಗೆ ಅದ್ದುವ ಸದ್ದು, ಬಸಂತರಾಯ ‘ಶಿವಾ ಶಿವಾ’ ಎನ್ನುತ್ತ ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು. ಬಸಿಯ ಚಹಾ ಇನ್ನೂ ಮುಗಿದಿರಲಿಲ್ಲ. ಟಪ್ಪೆಂದು ಒಂದು ಹನಿ ರುಮಾಲಿನ ಮೇಲೆ ಬಿತ್ತು. ಹಿಂದೆಯೇ ಇನ್ನೊಂದು.

ಮಡಿವಾಳಪ್ಪ ಮೇಲೆ ನೋಡಿದ. ಮೂರನೆಯದು ಮೂಗಿನ ಮೇಲೆ ಬಿತ್ತು.

“ಏನಿದು! ಅವನ ಮೈ ತೊಳದ ನೀರು ನನ್ನ ತಲಿ ಮ್ಯಾಲೆ?”

“ನಾ ಅದನ್ನ ಅಲ್ಲೇನ್ರಿ ಹೇಳಾಕತ್ತಿದ್ದು?” ಎಂದಳು ರೇವವ್ವ, ಮುಖ ಸಣ್ಣ ಮಾಡಿ.

ಬಸಿ ಅಲ್ಲಿಯೇ ಉಳಿಯಿತು. ಮಡಿವಾಳಪ್ಪ ಧಡಧಡ ಮೆಟ್ಟಿಲು ಹತ್ತಿದ. ರೇವವ್ವ ಹಿಂದಿನಿಂದ ಓಡಿದಳು.

“ಏ ಬಸ್ಯಾ! ಹೊರಗ ಬಾರಲೇ!”

ಒದ್ದೆ ಧೋತರದಲ್ಲೇ ಬಸಂತರಾಯ ಹೊರಬಂದ. ಅಣ್ಣನನ್ನು ಕಂಡು ಬೈಗುಳ ಮರೆತನೋ ಏನೋ, ಮೊದಲು ಅಂದದ್ದು, “ನಿನ್ನ ರುಮಾಲ ಯಾಕ ತೊಯ್ದೈತಿ?”

“ನಿನ್ನ ಬಚ್ಚಲಕ್ಕ ಕೇಳು!”

ಬಳಿಕ ಬೈಗುಳಗಳೂ ಬಂದವು, ಮನದಣಿಯೆ ಬಂದವು. ಆದರೆ ಬೈಯುತ್ತಲೇ ಇಬ್ಬರೂ ಬಚ್ಚಲಲ್ಲಿ ಬಗ್ಗಿ ಕುಳಿತಿದ್ದರು. ನೆಲಕ್ಕೆ ಹಾಸಿದ ಫರಸಿ ಕಲ್ಲುಗಳ ಸಂದು ಬಾಯಿ ಬಿಟ್ಟಿತ್ತು. ನೀರು ಮೋರಿಯತ್ತ ಹೋಗದೆ ನಡುವೆಯೇ ನಿಂತು ಇಂಗುತ್ತಿತ್ತು.

“ಫರಸಿ ನಂದು, ನಾ ಮಾಡಸ್ತೇನಿ. ಜಂತಿ ನಿಂದು,” ಎಂದ ಬಸಂತರಾಯ.

“ಹೌದು, ಜಂತಿ ನಂದು. ನಾ ಇಲ್ಲ ಅಂದೇನೇನು?”

ಗವಂಡಿ ಖಾಜಾಸಾಬ ಫರಸಿ ಕಿತ್ತ. ತೊಯ್ದ ಮಣ್ಣು ತೆಗೆದು, ಗಚ್ಚು ಹಾಕಿ, ಮೋರಿಯ ಕಡೆ ಇಳಿಜಾರು ಕೊಟ್ಟು ಫರಸಿ ಕೂರಿಸಿ, ಸಂದುಗಳಿಗೆ ಸಿಮೆಂಟು ತುಂಬಿದ. ಕೆಳಗೆ ಕೊಳೆತ ಹಲಗೆಗಳನ್ನು ಮಡಿವಾಳಪ್ಪ ಬದಲಾಯಿಸಿದ.

“ಗಚ್ಚು ಗಟ್ಟಿ ಆಗೂ ಮಟ ಇಲ್ಲಿ ಜಳಕಾ ಬ್ಯಾಡ್ರಿ,” ಎಂದ ಖಾಜಾಸಾಬ.

ಹಾಗಾದರೆ ಬಸಂತರಾಯ ಎಲ್ಲಿ ಜಳಕ ಮಾಡಬೇಕು? ಮೊದಲ ದಿನ ಬಾವಿಗೆ ಹೋದ. ಎರಡನೆಯ ದಿನ ಅಣ್ಣನ ಹೆಂಡತಿಯೇ ಮೆಟ್ಟಿಲ ಕೆಳಗೆ ನಿಂತು ಕೂಗಿದಳು: “ಬಸಣ್ಣಾ, ನೀರು ಕಾದಾವ. ಬರ್ತೀಯೋ, ಆರಿಸಲೋ?” ತಲೆ ತಗ್ಗಿಸಿ ಬಂದ. ಒಳಗಿನಿಂದ ಅಣ್ಣ, “ಸಾಬಣಾ ನಂದೈತಿ, ಪೂರಾ ತಿಕ್ಕೊಂಡು ಹೋಗಬ್ಯಾಡ,” ಎಂದದ್ದು ಓಣಿಗೆಲ್ಲ ಕೇಳಿಸಿತು.

ರೇವವ್ವ ಖೋಲಿಯಲ್ಲಿ ಕೆಂಡದ ಕುಂಡ ಇಟ್ಟು ತೇವ ಆರಿಸಿದಳು, ಗೋಡೆಗೆ ಸುಣ್ಣ ಬಳಿದಳು. ಶಂಕ್ರೆವ್ವ ಬಂದ ದಿನ ಮೇಲೆ ಬಸಂತರಾಯ ತನ್ನ ಬಚ್ಚಲಲ್ಲೇ ಧಾರಾಳವಾಗಿ ನೀರು ಸುರಿದುಕೊಳ್ಳುತ್ತಿದ್ದ. ರೇವವ್ವ ಜಂತಿ ನೋಡುತ್ತಿದ್ದಳು. ಬೀಗತಿ ಗೋಡೆಗೆ ಅಂಗೈ ಒತ್ತಿ ನೋಡಿದಳು, ಮೂಲೆಗೆ ಮೂಗು ಒಡ್ಡಿ ಮೂಸಿದಳು, ಮೇಲೂ ನೋಡಿದಳು. ಒಂದು ಹನಿಯೂ ಬೀಳಲಿಲ್ಲ.

“ನಮ್ಮನಿಗಿಂತ ಬೆಚ್ಚಗ ಐತಿ ಬಿಡ್ರಿ ಬೀಗತಿ,” ಎಂದಳು ಶಂಕ್ರೆವ್ವ. “ಸೋಮವಾರ ಬಂಡಿ ಹೂಡಸ್ತೇನಿ. ನಮ್ಮ ಸೊಸಿನ್ನ ಜ್ವಾಕಿಂದ ನೋಡ್ಕೋರಿ.”